ಕಿಟಕಿ ಗೆದ್ದದ್ದು ಎಷ್ಟು ವೇಗದವರೆಗೆ?

1939ರ ನವೆಂಬರ್‌ನಲ್ಲಿ ಷಿಕಾಗೋದ ಮೋಟಾರು ಪ್ರದರ್ಶನದಲ್ಲಿ ಪ್ಯಾಕರ್ಡ್ ಕಂಪನಿ ಒಂದು ಹೊಸ ಕಾರು ತಂದು ನಿಲ್ಲಿಸಿತು. ಕಾರ್ಖಾನೆಯಲ್ಲೇ ಏಸಿ ಕೂಡಿಸಿ ಮಾರಾಟಕ್ಕಿಟ್ಟ ಮೊದಲ ಕಾರು ಅದು. ತಂಪು ಮಾಡುವ ಪೆಟ್ಟಿಗೆ ಎಷ್ಟು ದೊಡ್ಡದಿತ್ತೆಂದರೆ ಹಿಂದಿನ ಡಿಕ್ಕಿಯ ಅರ್ಧ ಜಾಗವನ್ನು ಅದೇ ನುಂಗಿಬಿಟ್ಟಿತ್ತು. ಕಂಪ್ರೆಸರ್ ಮಾತ್ರ ಮುಂದೆ, ಎಂಜಿನ್ನಿನ ಬೆಲ್ಟಿಗೆ ನೇರವಾಗಿ ಗಂಟುಬಿದ್ದಿತ್ತು. ಎಂಜಿನ್ ತಿರುಗಿದಷ್ಟು ಹೊತ್ತೂ ಅದು ತಿರುಗಲೇಬೇಕು, ನಡುವೆ ಕ್ಲಚ್ಚೇ ಇರಲಿಲ್ಲ. ಏಸಿ ಸಾಕೆನಿಸಿದವನು ಗಾಡಿಯನ್ನು ಬದಿಗೆ ಹಾಕಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಕೈಯಾರೆ ಬೆಲ್ಟ್ ಕಳಚಬೇಕಿತ್ತು. ಈ ಪಾಡು ಯಾರಿಗೂ ಬೇಡವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಕಂಪನಿ ಆ ಸೌಕರ್ಯವನ್ನೇ ಕೈಬಿಟ್ಟಿತು. ಆದರೆ ಆ ಬೆಲ್ಟ್ ಕಳಚಿದವರಿಗೆ ಒಂದು ಸಂಗತಿ ಅನುಮಾನವಿಲ್ಲದೆ ಗೊತ್ತಿತ್ತು: ತಂಪು ಬರುವುದು ಎಂಜಿನ್ನಿನ ದುಡಿಮೆಯಿಂದ.

1950ರ ದಶಕದಲ್ಲಿ ವಿದ್ಯುತ್ಕಾಂತದ ಕ್ಲಚ್ ಬಂತು. ಒಂದು ಗುಂಡಿ ಒತ್ತಿದರೆ ಕಂಪ್ರೆಸರ್ ಬೆಲ್ಟಿಗೆ ಕಚ್ಚಿಕೊಳ್ಳುತ್ತಿತ್ತು, ಮತ್ತೊಮ್ಮೆ ಒತ್ತಿದರೆ ಬಿಡುತ್ತಿತ್ತು. ಹೊರೆ ಕಣ್ಣಿನಿಂದ ಮರೆಯಾಯಿತು. ಅದನ್ನು ಮತ್ತೆ ನೆನಪಿಸಿದ್ದು 1973ರ ತೈಲ ಬಿಕ್ಕಟ್ಟು. ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳು ಸಾಲುಗಟ್ಟಿದವು, ಮರುವರ್ಷ ಹೆದ್ದಾರಿಗಳ ವೇಗಮಿತಿ ಗಂಟೆಗೆ 55 ಮೈಲಿಗೆ, ಅಂದರೆ ಸುಮಾರು 88 ಕಿಲೋಮೀಟರಿಗೆ ಇಳಿಯಿತು. ಗಾಳಿಯನ್ನು ಸೀಳಿಕೊಂಡು ಹೋಗುವಂತೆ ಕಾರಿನ ಮೈಯನ್ನು ನುಣುಪಾಗಿಸುವ ಕೆಲಸಕ್ಕೆ ಕಂಪನಿಗಳು ಕೂತವು. ಹೀಗೆ ಬಹಳ ಕಷ್ಟಪಟ್ಟು ತಿದ್ದಿದ ಮೈಯನ್ನು ಕೆಡಿಸಲು ಕಿಟಕಿಯ ಗಾಜು ಇಳಿಸಿದರೆ ಸಾಕಿತ್ತು.

ಅಲ್ಲಿಂದ ಎರಡು ಪಕ್ಷ. ಏಸಿ ಹಾಕಿದರೆ ಪೆಟ್ರೋಲ್ ಕುಡಿಯುತ್ತದೆ, ಗಾಜು ಇಳಿಸಿ ಎನ್ನುವವರು ಒಂದು ಕಡೆ. ತೆರೆದ ಕಿಟಕಿಯೊಳಗೆ ನುಗ್ಗುವ ಗಾಳಿ ಕಾರನ್ನು ಹಿಂದಕ್ಕೆಳೆಯುತ್ತದೆ, ಅದಕ್ಕೇ ಹೆಚ್ಚು ಪೆಟ್ರೋಲ್ ಬೇಕು ಎನ್ನುವವರು ಇನ್ನೊಂದು ಕಡೆ. ಎರಡೂ ಮಾತಿನಲ್ಲಿ ಸತ್ಯವಿತ್ತು. ಯಾವ ಸತ್ಯ ಎಷ್ಟು ತೂಗುತ್ತದೆ ಎಂದು ಅಳೆಯುವುದೇ ಕಷ್ಟವಾಗಿತ್ತು.

2004ರ ಸುಮಾರಿಗೆ ಡಿಸ್ಕವರಿ ಚಾನೆಲ್ಲಿನ ‘ಮಿತ್‌ಬಸ್ಟರ್ಸ್’ ಕಾರ್ಯಕ್ರಮದ ಜೇಮಿ ಹೈನೆಮನ್ ಮತ್ತು ಆ್ಯಡಮ್ ಸ್ಯಾವೇಜ್ ಈ ಜಗಳಕ್ಕೆ ಕೈಹಾಕಿದರು. ಮೊದಲು ಕಂಪ್ಯೂಟರಿನ ಅಂದಾಜು ತೆಗೆದರು. 55 ಮೈಲಿ ವೇಗದಲ್ಲಿ ಏಸಿಯೇ ಮೇಲು ಎಂದಿತು ಅದು. ಅಷ್ಟಕ್ಕೆ ಸಮಾಧಾನವಾಗದೆ ಒಂದೇ ಮಾದರಿಯ ಎರಡು ದೊಡ್ಡ ಫೋರ್ಡ್ ಗಾಡಿಗಳನ್ನು ಟ್ರ್ಯಾಕಿಗೆ ಇಳಿಸಿದರು. ಎರಡಕ್ಕೂ ಅಳತೆಮಾಡಿ ಒಂದೇ ಪ್ರಮಾಣದ ಪೆಟ್ರೋಲ್ ಹಾಕಿ, ಒಂದರಲ್ಲಿ ಏಸಿ ಹಚ್ಚಿ, ಇನ್ನೊಂದರಲ್ಲಿ ಗಾಜು ಇಳಿಸಿ, ಟ್ಯಾಂಕ್ ಬತ್ತುವವರೆಗೆ ಸುತ್ತು ಹೊಡೆಸಿದರು. ಮೊದಲು ನಿಂತದ್ದು ಏಸಿ ಗಾಡಿ. ಗಾಜು ಇಳಿಸಿದ ಗಾಡಿ ಅದಾದಮೇಲೂ ಹಲವು ಸುತ್ತು ಓಡಿತು.

ಫಲಿತಾಂಶ ಲೆಕ್ಕಕ್ಕೆ ತದ್ವಿರುದ್ಧವಾಗಿತ್ತು. ಕಾರಣ ವೇಗದಲ್ಲೇ ಅಡಗಿತ್ತು. ಅಂದಾಜು ತೆಗೆದದ್ದು 55 ಮೈಲಿಗೆ, ಗಾಡಿ ಓಡಿದ್ದು ಸುರಕ್ಷತೆಯ ದೃಷ್ಟಿಯಿಂದ 45 ಮೈಲಿಯಲ್ಲಿ. ಆಮೇಲೆ ಅದೇ ತಂಡ ಮತ್ತೆ ಈ ಪ್ರಶ್ನೆಗೆ ಬಂದಾಗ 50 ಮೈಲಿಯ, ಅಂದರೆ 80 ಕಿಲೋಮೀಟರಿನ ಆಸುಪಾಸಿನಲ್ಲಿ ಗೆಲುವು ಕೈಬದಲಾಗುತ್ತದೆ ಎಂದಿತು. ಅದಕ್ಕಿಂತ ನಿಧಾನವಾದರೆ ಕಿಟಕಿ, ಜೋರಾದರೆ ಏಸಿ. ಕೇಳಲು ಅಂದವಾದ ಈ ಸಂಖ್ಯೆ ಊರೂರಿಗೆ ಹಬ್ಬಿತು. ಆದರೆ ಅದು ಎಲ್ಲ ಕಾರಿಗೂ ಸಲ್ಲುವ ಸಂಖ್ಯೆಯೇ ಎಂಬ ಪ್ರಶ್ನೆ ಹಾಗೇ ಉಳಿದಿತ್ತು.

ಅದೇ 2004ರಲ್ಲಿ ಜನರಲ್ ಮೋಟಾರ್ಸ್‌ನ ಎಂಜಿನಿಯರ್ ವಿಲಿಯಂ ಹಿಲ್ ಬೇರೆ ದಾರಿ ಹಿಡಿದರು. ಅವರು ತೆಗೆದುಕೊಂಡದ್ದು ಒಂದಕ್ಕೊಂದು ಹೋಲದ ಎರಡು ಗಾಡಿ: 8.1 ಲೀಟರ್ ಎಂಜಿನ್ನಿನ ಭಾರೀ ಎಸ್‌ಯುವಿ, 4.6 ಲೀಟರಿನ ದೊಡ್ಡ ಸೆಡಾನ್. ಗಾಳಿ ಸುರಂಗದಲ್ಲಿ ನಿಲ್ಲಿಸಿಯೂ ನೋಡಿದರು, ಅರಿಜೋನಾದ ಮರುಭೂಮಿಯಲ್ಲಿದ್ದ ಕಂಪನಿಯ ಪರೀಕ್ಷಾ ಮೈದಾನದಲ್ಲಿ ಓಡಿಸಿಯೂ ನೋಡಿದರು. ಗಾಜು ಇಳಿಸಿದಾಗ ಸೆಡಾನ್ ಕಂಡ ನಷ್ಟ ಎಸ್‌ಯುವಿಗಿಂತ ಬಹಳ ಹೆಚ್ಚಿತ್ತು. ಎಸ್‌ಯುವಿ ಮೊದಲೇ ಗೋಡೆಯಂತೆ ಗಾಳಿಗೆ ಎದೆಯೊಡ್ಡಿ ನಿಲ್ಲುವ ಗಾಡಿ. ಇನ್ನೊಂದಿಷ್ಟು ಗಾಳಿ ತಡೆದರೆ ಅದಕ್ಕೇನೂ ದೊಡ್ಡ ವ್ಯತ್ಯಾಸವಾಗದು. ಗಾಳಿ ಜಾರಿಹೋಗಲೆಂದೇ ತಿದ್ದಿದ ಸೆಡಾನಿನ ಬದಿಯಲ್ಲಿ ದೊಡ್ಡ ಬಾಯಿ ತೆರೆದರೆ ಪಟ್ಟ ಶ್ರಮವೆಲ್ಲ ಆ ಬಾಯಿಗೇ ಹೋಗುತ್ತದೆ. ಎಲ್ಲ ಕಾರಿಗೂ ಒಂದೇ ಉತ್ತರ ಹುಡುಕುತ್ತಿದ್ದವರಿಗೆ ಸಿಕ್ಕ ಮೊದಲ ಗಟ್ಟಿ ಸುಳಿವು ಇದೇ.

ಆ ಸುಳಿವನ್ನು ಕೊನೆಯವರೆಗೆ ಹಿಂಬಾಲಿಸಿದವರು ಟೆನೆಸಿ ರಾಜ್ಯದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ಹಫ್, ವೆಸ್ಟ್ ಮತ್ತು ಥಾಮಸ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬಿನ ಯೋಜನೆಗಾಗಿ ಹುಟ್ಟಿದ ಆ ಪ್ರಯೋಗಾಲಯ ಈಗ ಕಾರುಗಳ ಮೈಲೇಜನ್ನೂ ಅಳೆಯುತ್ತಿತ್ತು. ಅವರು ಆರಿಸಿಕೊಂಡದ್ದೂ ಒಂದು ಚೂಪು ಮೈಯ ಕಾರು, ಒಂದು ಪೆಟ್ಟಿಗೆ ಮೈಯ ಗಾಡಿ: 2009ರ ಟೊಯೊಟಾ ಕೊರೊಲಾ ಮತ್ತು ಅದೇ ವರ್ಷದ ಫೋರ್ಡ್ ಎಕ್ಸ್‌ಪ್ಲೋರರ್.

ಇಲ್ಲಿ ಎದುರಾಗುವ ಅಡಕತ್ತರಿ ವಿಚಿತ್ರವಾದದ್ದು. ಕಾರಿನ ಇಂಧನವನ್ನು ಕರಾರುವಾಕ್ಕಾಗಿ ಅಳೆಯಲು ಪ್ರಯೋಗಾಲಯದೊಳಗೆ ಡೈನಮೋಮೀಟರ್ ಇರುತ್ತದೆ. ನೆಲದಲ್ಲಿ ಹೂತ ಉರುಳೆಯ ಮೇಲೆ ಚಕ್ರಗಳು ತಿರುಗುತ್ತವೆ, ಕಾರು ನಿಂತಲ್ಲೇ ಓಡುತ್ತದೆ. ಅಲ್ಲಿ ಏಸಿಯ ಖರ್ಚನ್ನು ಸಲೀಸಾಗಿ ಹಿಡಿಯಬಹುದು, ಆದರೆ ಕಿಟಕಿ ತೆರೆದರೆ ಏನೂ ಆಗುವುದಿಲ್ಲ. ನಿಂತ ಕಾರಿಗೆ ಎದುರುಗಾಳಿ ಎಲ್ಲಿಂದ ಬಂತು? ರಸ್ತೆಗೆ ಇಳಿದರೆ ಗಾಳಿ ಸಿಗುತ್ತದೆ, ಜೊತೆಗೆ ಏರುತಗ್ಗು, ಅಡ್ಡಗಾಳಿ, ಬಿಸಿಲಿನ ಏರಿಳಿತಗಳೂ ಬಂದು ಅಳತೆಯನ್ನು ಕಲಕುತ್ತವೆ. ಕಿಟಕಿಯ ಪರಿಣಾಮ ಅಂಥ ಏರಿಳಿತಗಳ ನಡುವೆ ಕಳೆದುಹೋಗುವಷ್ಟು ಸಣ್ಣದು.

ಅವರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲಿಲ್ಲ. ರಸ್ತೆಯ ಮೇಲೂ, ಉರುಳೆಯ ಮೇಲೂ ಅಳೆದರು. ಇದೇ ಮೂವರು 2014ರಲ್ಲಿ ಪ್ರಕಟಿಸಿದ ಸೋದರ ಅಧ್ಯಯನದಲ್ಲಿ, ರಸ್ತೆಯ ಗಾಳಿಯನ್ನು ಪ್ರಯೋಗಾಲಯದೊಳಕ್ಕೆ ಹೊತ್ತು ತರುವ ಜಾಣ ವಿಧಾನವೊಂದನ್ನು ತೆರೆದ ಕಿಟಕಿಗೆ ಅನ್ವಯಿಸಿದರು. ಸಮತಟ್ಟು ದಾರಿಯಲ್ಲಿ ಕಾರನ್ನು ಜೋರಾಗಿ ಓಡಿಸಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟುಬಿಡುವುದು. ಅದು ತಾನಾಗಿ ನಿಧಾನವಾಗುತ್ತ ಹೋಗುವುದನ್ನು ಕ್ಷಣಕ್ಷಣಕ್ಕೂ ಬರೆದಿಡುವುದು. ಗಾಳಿಯ ಪಕ್ಷಪಾತ ಕಳೆಯಲು ಅದೇ ದಾರಿಯಲ್ಲಿ ವಾಪಸ್ಸು ಬರುತ್ತಲೂ ಹಾಗೇ ಮಾಡುವುದು. ಮೊದಲು ಗಾಜು ಮುಚ್ಚಿ, ಆಮೇಲೆ ಎಲ್ಲ ಗಾಜೂ ಇಳಿಸಿ. ತೆರೆದ ಕಿಟಕಿಯ ಕಾರು ಎಷ್ಟು ಬೇಗ ಸೋತಿತು ಎಂಬುದರಿಂದ ಗಾಳಿಯ ಹೆಚ್ಚುವರಿ ತಡೆ ಎಷ್ಟೆಂದು ತಿಳಿಯುತ್ತದೆ. ಆ ತಡೆಯನ್ನು ಉರುಳೆಗೆ ಉಣಿಸಿದರೆ, ಗಾಳಿಯೇ ಇಲ್ಲದ ಕೋಣೆಯಲ್ಲೂ ಕಾರು ಕಿಟಕಿ ತೆರೆದಂತೆ ಏದುಸಿರು ಬಿಡುತ್ತದೆ.

ಏಸಿಯನ್ನು ಕಿಟಕಿಯೊಡನೆ ಹೋಲಿಸಿದ ಫಲಿತಾಂಶ 2013ರಲ್ಲಿ ಹೊರಬಂತು. ಗಂಟೆಗೆ 64 ಕಿಲೋಮೀಟರಿನಿಂದ 113 ಕಿಲೋಮೀಟರಿನವರೆಗೆ ಎರಡೂ ಗಾಡಿಗಳಲ್ಲಿ ಹೆಚ್ಚು ಪೆಟ್ರೋಲ್ ಕುಡಿದದ್ದು ಏಸಿಯೇ. 80 ಕಿಲೋಮೀಟರಿನ ಹಳೆಯ ಗಡಿಯನ್ನು ಎರಡೂ ಸುಮ್ಮನೆ ದಾಟಿ ಹೋದವು. ವೇಗ ಇನ್ನೂ ಏರಿತು. ಸುಮಾರು 121 ಕಿಲೋಮೀಟರಿಗೆ ಬಂದಾಗ ಕೊರೊಲಾದಲ್ಲಿ ಕಿಟಕಿಯ ಖರ್ಚು ಏಸಿಯ ಖರ್ಚಿಗೆ ಸರಿಸಮವಾಯಿತು, 129ರಲ್ಲಿ ಅದನ್ನು ಮೀರಿಸಿತು. ಕೈಬದಲಾಗುವ ಕ್ಷಣ ಕೊನೆಗೂ ಕಣ್ಣೆದುರು ಬಂದಿತ್ತು, ಜನ ನಂಬಿದ್ದಕ್ಕಿಂತ ಎಷ್ಟೋ ಮುಂದೆ. ಎಕ್ಸ್‌ಪ್ಲೋರರ್‌ನಲ್ಲಂತೂ ಅಳೆದ ಯಾವ ವೇಗದಲ್ಲೂ ಅದು ಬರಲೇ ಇಲ್ಲ. ಪೆಟ್ಟಿಗೆ ಮೈಯ ಗಾಡಿಗೆ ಕಿಟಕಿಯೇ ಅಗ್ಗ ಎಂಬ ಮರುಭೂಮಿಯ ಸುಳಿವು ನಿಜವಾಯಿತು.

ಇದರ ಹಿಂದಿನ ಲೆಕ್ಕ ಸರಳ. ಏಸಿ ಎಂಜಿನ್ನಿನಿಂದ ಕೇಳುವ ಶಕ್ತಿ ವೇಗ ಹೆಚ್ಚಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಸ್ವಲ್ಪವಷ್ಟೇ ಏರುತ್ತದೆ. ಗಾಳಿಯನ್ನು ತಳ್ಳಲು ಬೇಕಾದ ಶಕ್ತಿ ಹಾಗಲ್ಲ, ವೇಗ ಎರಡರಷ್ಟಾದರೆ ಅದು ಎಂಟರಷ್ಟಾಗುತ್ತದೆ. ಕೊರೊಲಾದಂಥ ಕಾರು 60 ಕಿಲೋಮೀಟರ್ ವೇಗದಲ್ಲಿ ಗಾಳಿಯ ವಿರುದ್ಧ ವ್ಯಯಿಸುವುದು ಸುಮಾರು 1.8 ಕಿಲೋವ್ಯಾಟ್, 120ರಲ್ಲಿ ಸುಮಾರು 14. ಗಾಜು ಇಳಿಸಿದಾಗ ಇದಕ್ಕೆ ಐದನೇ ಒಂದು ಪಾಲು ಸೇರಿತು ಎಂದಿಟ್ಟುಕೊಂಡರೆ, 60ರಲ್ಲಿ ಆದ ನಷ್ಟ ಅರ್ಧ ಕಿಲೋವ್ಯಾಟಿಗೂ ಕಡಿಮೆ, 120ರಲ್ಲಿ ಮೂರು ಕಿಲೋವ್ಯಾಟಿನ ಹತ್ತಿರ. ಪೂರಾ ಹೊರೆಯಲ್ಲಿ ದುಡಿಯುವ ಕಂಪ್ರೆಸರ್ ಕೇಳುವುದೂ ಮೂರರ ಆಸುಪಾಸೇ. ಎರಡೂ ಗೆರೆಗಳು ಅಲ್ಲಿ ಸಂಧಿಸುತ್ತವೆ.

ಊರೊಳಗೆ ಏಸಿ ಇನ್ನೂ ದುಬಾರಿ. ನಿಂತ ಕಾರಿನಲ್ಲಿ ಕಂಪ್ರೆಸರ್ ನಿಧಾನ ತಿರುಗುವುದರಿಂದ ಗಂಟೆಯ ಖರ್ಚು ಕಡಿಮೆಯೇ ಎಂದು ಓಕ್ ರಿಜ್ ಅಳತೆಗಳು ತೋರಿಸಿದವು. ಆದರೆ ಸಿಗ್ನಲ್ಲಿನಲ್ಲಿ ನಿಂತಷ್ಟು ಹೊತ್ತು ಏಸಿಯ ಮೀಟರ್ ಓಡುತ್ತದೆ, ಕಾರು ಓಡುವುದಿಲ್ಲ. ಏಸಿಗೆ ಗಂಟೆಗೆ ಅರ್ಧ ಲೀಟರ್ ಎಂದು ಹಿಡಿದರೆ, 20 ಕಿಲೋಮೀಟರ್ ಸರಾಸರಿಯಲ್ಲಿ ತೆವಳುವ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನೂರು ಕಿಲೋಮೀಟರಿಗೆ ಎರಡೂವರೆ ಲೀಟರ್ ಏಸಿಯ ಪಾಲಾಗುತ್ತದೆ. 100ರ ಮಿತಿಯಿರುವ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಅಷ್ಟೇ ದೂರಕ್ಕೆ ಅರ್ಧ ಲೀಟರ್.

121ರ ಗಡಿಗೂ ಒಂದು ಷರತ್ತಿದೆ. ಅದು ಕಂಪ್ರೆಸರ್ ಬಿಡುವಿಲ್ಲದೆ ದುಡಿಯುವಾಗಿನ ಲೆಕ್ಕ. ಒಳಗೆ ತಂಪು ಕೂತಮೇಲೆ, ಅಥವಾ ಹೊರಗೆ ಬಿಸಿಲು ಸೌಮ್ಯವಾಗಿದ್ದರೆ, ಕ್ಲಚ್ ಆಗಾಗ ಬಿಟ್ಟುಕೊಂಡು ಕಂಪ್ರೆಸರ್ ಸುಮ್ಮನಿರುತ್ತದೆ. ಆಗ ಏಸಿಯ ಖರ್ಚು ಇಳಿದು, ಗಡಿಯೂ ಕಡಿಮೆ ವೇಗಕ್ಕೆ ಸರಿಯುತ್ತದೆ. ಏಸಿ ಅತಿ ಹೆಚ್ಚು ಕೇಳುವುದು ಬಿಸಿಲಲ್ಲಿ ಕಾದ ಕಾರನ್ನು ತಣಿಸುವ ಮೊದಲ ಕೆಲವು ನಿಮಿಷಗಳಲ್ಲಿ. ಕಡುಬಿಸಿಲಿನ ಸಣ್ಣ ಓಡಾಟಗಳಲ್ಲಿ ಮೈಲೇಜ್ ಕಾಲು ಭಾಗಕ್ಕೂ ಹೆಚ್ಚು ಕುಸಿಯಬಲ್ಲದು. ಅದಕ್ಕೇ ಅಮೆರಿಕದ ಇಂಧನ ಇಲಾಖೆ ಕೊಡುವ ಸಲಹೆಯಲ್ಲಿ ಎರಡಕ್ಕೂ ಜಾಗವಿದೆ: ಮೊದಲು ಗಾಜು ಇಳಿಸಿ ಸ್ವಲ್ಪ ದೂರ ಓಡಿಸಿ ಕುದಿಗಾಳಿಯನ್ನು ಹೊರಹಾಕಬೇಕು, ಏಸಿ ಹಚ್ಚುವುದು ಆಮೇಲೆ. ಹೊರಡುವ ಮುಂಚೆ ನಿಂತಲ್ಲೇ ಎಂಜಿನ್ ಓಡಿಸಿ ಕಾರು ತಣಿಸುವುದು ದಂಡ, ಏಕೆಂದರೆ ಗಾಡಿ ಓಡುವಾಗಲೇ ಹೆಚ್ಚಿನ ಏಸಿಗಳು ಬೇಗ ತಂಪು ಮಾಡುತ್ತವೆ.