ಸೇತುವೆ ಮುಗಿಯುವ ಮೊದಲೇ ಆದಾಯದ ಲೆಕ್ಕ

ಮೂರು ವರ್ಷದ ಸೇತುವೆ ಗುತ್ತಿಗೆಯ ಆದಾಯವನ್ನೆಲ್ಲ ಕೊನೆಯ ವರ್ಷಕ್ಕೇ ಬರೆದರೆ, ಮೊದಲೆರಡು ವರ್ಷ ಕಂಪನಿ ಏನೂ ದುಡಿಯಲಿಲ್ಲವೆಂದು ಕಾಣುತ್ತದೆ. ಅದಕ್ಕೇ ಭಾರತದ ಲೆಕ್ಕಪತ್ರ ಮಾನದಂಡ 7, ಕೆಲಸ ಮುಗಿದಷ್ಟು ಪಾಲಿನ ಆದಾಯವನ್ನು ಆಯಾ ವರ್ಷವೇ ತೋರಿಸಲು ಹೇಳುತ್ತದೆ.

ಎಷ್ಟು ಮುಗಿದಿದೆ ಎಂದು ಎಂಜಿನಿಯರ್ ಅಳತೆಯಿಂದಲೂ ತಿಳಿಯಬಹುದು. ಹೆಚ್ಚು ಬಳಕೆಯಲ್ಲಿರುವುದು ವೆಚ್ಚದ ಅಳತೆ. ಗುತ್ತಿಗೆ ಮೊತ್ತ 100 ಕೋಟಿ, ಅಂದಾಜು ವೆಚ್ಚ 80 ಕೋಟಿ ಎನ್ನೋಣ. ಮೊದಲ ವರ್ಷ 20 ಕೋಟಿ ಖರ್ಚಾಗಿದೆ. ಹಾಗೆಂದು ಶೇ 25 ಮುಗಿದಿದೆ ಎನ್ನುವಂತಿಲ್ಲ. ಅದರಲ್ಲಿ 4 ಕೋಟಿಯ ಸಾಮಾನ್ಯ ಕಬ್ಬಿಣ ಬಳಕೆಯಾಗದೆ ನಿವೇಶನದಲ್ಲೇ ಬಿದ್ದಿದ್ದರೆ ಅದನ್ನು ಕಳೆಯಬೇಕು. ರಾಶಿ ಹಾಕಿದ ಸರಕು ಪ್ರಗತಿಯಲ್ಲ. ಉಳಿದ 16 ಕೋಟಿ ಎಂದರೆ ಶೇ 20. ಆದಾಯ 20 ಕೋಟಿ, ಲಾಭ 4 ಕೋಟಿ.

ಎರಡನೇ ವರ್ಷ ಅಂದಾಜು ವೆಚ್ಚ 90 ಕೋಟಿಗೆ ಏರಿ, ಬಳಕೆಯಾದ ಒಟ್ಟು ವೆಚ್ಚ 54 ಕೋಟಿಯಾದರೆ ಪ್ರಗತಿ ಶೇ 60. ಒಟ್ಟು ಆದಾಯ 60 ಕೋಟಿಯಲ್ಲಿ ಹಿಂದಿನ 20 ಕಳೆದು 40 ಕೋಟಿ ಈ ವರ್ಷದ್ದು; ಲಾಭ ಮಾತ್ರ 2 ಕೋಟಿಗೆ ಇಳಿಯುತ್ತದೆ.

ಈ ವಿಧಾನದ ದುರ್ಬಲ ಜಾಗ ಅಂದಾಜೇ. ಬಾಕಿ ವೆಚ್ಚವನ್ನು ಕಡಿಮೆ ತೋರಿಸಿದರೆ ಪ್ರಗತಿ, ಲಾಭ ಎರಡೂ ಉಬ್ಬುತ್ತವೆ. ಬಿಲ್ ಮಾಡದ ಆದಾಯ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಅನುಮಾನಿಸಲೇಬೇಕು. ಅಂದಾಜು 100 ಕೋಟಿ ದಾಟಿದರಂತೂ ಇಡೀ ನಷ್ಟವನ್ನು ಕೂಡಲೇ ಬರೆಯಬೇಕು, ಕೆಲಸ ಎಷ್ಟೇ ಮುಗಿದಿರಲಿ.