ಹೂಡಿಕೆದಾರರಿಗೆ ತಿಂಗಳ ಇಮೇಲ್: ನಂಬಿಕೆ ಒಂದು, ಲೆಕ್ಕ ಇನ್ನೊಂದು

ಸ್ಟಾರ್ಟಪ್‌ಗೆ ಹಣ ಹಾಕಿದವರಿಗೆ ಸ್ಥಾಪಕರು ತಿಂಗಳಿಗೊಮ್ಮೆ ಕಳಿಸುವ ಇಮೇಲ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ: ಅಂಕಿಗಳು, ಗೆಲುವು, ತೊಂದರೆ, ಬೇಡಿಕೆ. ಬರೆಯಲು ಕೂತಾಗ ಎಡವುವುದು ಎಲ್ಲಿ? ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹುಬ್ಬಳ್ಳಿಯಲ್ಲಿ ಒಂದು ಕಂಪನಿ ಇದೆ ಎಂದಿಟ್ಟುಕೊಳ್ಳಿ. ಸಣ್ಣ ಆಸ್ಪತ್ರೆಗಳ ಔಷಧ ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಅದರದು. ಒಂದೊಂದು ಆಸ್ಪತ್ರೆಯಿಂದ ಜಿಎಸ್‌ಟಿ ಬಿಟ್ಟು ತಿಂಗಳಿಗೆ 15 ಸಾವಿರ ರೂಪಾಯಿ ಬರುತ್ತದೆ.

ತಪ್ಪು ಕಲ್ಪನೆ: ಖಾತೆಗೆ ಬಂದ ಹಣವೆಲ್ಲ ಆ ತಿಂಗಳ ಆದಾಯ.

ಸತ್ಯ: ಕಳೆದ ತಿಂಗಳು 43 ಆಸ್ಪತ್ರೆಗಳಿಂದ 6.45 ಲಕ್ಷ ಬಂದಿತ್ತು. ಈ ತಿಂಗಳು ಮೂರು ಆಸ್ಪತ್ರೆಗಳು ಬಿಟ್ಟುಹೋದವು. ಉಳಿದ 40ರಿಂದ 6 ಲಕ್ಷ ಬಂತು. ಜೊತೆಗೆ ಹಲವು ಶಾಖೆಗಳಿರುವ ಹೊಸ ಗ್ರಾಹಕರೊಬ್ಬರು ಇಡೀ ವರ್ಷದ ಶುಲ್ಕ 6 ಲಕ್ಷವನ್ನು ಮುಂಗಡವಾಗಿ ಕಟ್ಟಿದರು. ಒಟ್ಟು 12 ಲಕ್ಷ. ಸ್ಥಾಪಕರು ಖುಷಿಯಲ್ಲಿ ‘ಆದಾಯ ಹೆಚ್ಚುಕಡಿಮೆ ದುಪ್ಪಟ್ಟಾಗಿದೆ’ ಎಂದು ಬರೆಯುತ್ತಾರೆ. ಆದರೆ ಆ ಮುಂಗಡ ಹನ್ನೆರಡು ತಿಂಗಳ ಸೇವೆಗೆ ಸಂದದ್ದು. ಈ ತಿಂಗಳ ಪಾಲು 50 ಸಾವಿರ ಮಾತ್ರ. ಬಿಟ್ಟುಹೋದ ಮೂವರಿಂದ ಕಳೆದುಕೊಂಡದ್ದು 45 ಸಾವಿರ. ಅಂದರೆ ತಿಂಗಳ ಆದಾಯ 6.45 ಲಕ್ಷದಿಂದ 6.5 ಲಕ್ಷಕ್ಕೆ ಏರಿದೆ. ನಿಜವಾಗಿ ಹೆಚ್ಚಿದ್ದು ಐದು ಸಾವಿರ ರೂಪಾಯಿ.

ತಪ್ಪು ಕಲ್ಪನೆ: ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು ಎನ್ನುವುದು ಒಂದೇ ಭಾಗಾಕಾರ.

ಸತ್ಯ: ಇದನ್ನೇ ರನ್‌ವೇ ಅನ್ನುತ್ತಾರೆ. ತಿಂಗಳ ಕೊನೆಯ ದಿನ ಬ್ಯಾಂಕಿನಲ್ಲಿ 90 ಲಕ್ಷ ಇದೆ. ಖರ್ಚು 27 ಲಕ್ಷ, ಬಂದದ್ದು 12 ಲಕ್ಷ, ಕರಗಿದ್ದು 15 ಲಕ್ಷ. 90ನ್ನು 15ರಿಂದ ಭಾಗಿಸಿದರೆ ಆರು ತಿಂಗಳು. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಆ ಮುಂಗಡ ಮುಂದಿನ ತಿಂಗಳು ಮತ್ತೆ ಬರುವುದಿಲ್ಲ. ಅದನ್ನು ಬಿಟ್ಟು ನೋಡಿದರೆ ತಿಂಗಳಿಗೆ 21 ಲಕ್ಷ ಕರಗುತ್ತದೆ, ಹಣ ನಾಲ್ಕು ತಿಂಗಳಿಗೆ ಸ್ವಲ್ಪ ಹೆಚ್ಚು ಬಾಳುತ್ತದೆ. ಹೊಸ ಹೂಡಿಕೆ ಎತ್ತುವುದಕ್ಕೇ ಹಲವು ತಿಂಗಳು ಹಿಡಿಯುವಾಗ ಈ ಸುಮಾರು ಎರಡು ತಿಂಗಳ ವ್ಯತ್ಯಾಸ ಸಣ್ಣದಲ್ಲ. ಮುಂಗಡ ಸೇರಿಸಿ ಎಷ್ಟು, ಬಿಟ್ಟು ಎಷ್ಟು ಎಂದು ಎರಡನ್ನೂ ಬರೆಯಬೇಕು. ಓದುವವರು ಅನುಭವಿಗಳಾದರೆ, ಕಳೆದ ತಿಂಗಳ ಬ್ಯಾಂಕ್ ಶಿಲ್ಕನ್ನು ಈ ತಿಂಗಳಿನದರ ಪಕ್ಕಕ್ಕಿಟ್ಟು ನೋಡುವುದೇ ಮೊದಲ ಕೆಲಸ.

ತಪ್ಪು ಕಲ್ಪನೆ: ತೊಂದರೆ ಹೇಳಿಕೊಂಡರೆ ನಂಬಿಕೆ ಹೋಗುತ್ತದೆ.

ಸತ್ಯ: ಹೇಳದಿದ್ದರೂ ಅದು ಮುಂದಿನ ಅಂಕಿಗಳಲ್ಲಿ ಹೊರಬೀಳುತ್ತದೆ. ಪ್ರತಿ ತಿಂಗಳು ಬರುತ್ತಿದ್ದ ಇಮೇಲ್ ನಿಂತುಹೋದರೆ ಅದೇ ದೊಡ್ಡ ಸುಳಿವು. ಹೋದ ಸಲ ಇದ್ದ ಒಂದು ಅಂಕಿ ಈ ಸಲ ಮಾಯವಾದರೂ ಹಾಗೆಯೇ. ಹಾಗೆಂದು ‘ಮಾರುಕಟ್ಟೆ ಕಷ್ಟವಾಗಿದೆ’ ಎಂದು ಗೊಣಗಿದರೆ ತೊಂದರೆ ಹೇಳಿದಂತಾಗುವುದಿಲ್ಲ. ನಮ್ಮ ಕಂಪನಿ ಬರೆಯಬೇಕಾದ್ದು ಹೀಗೆ: ‘ಮೂರು ಆಸ್ಪತ್ರೆಗಳು ಬಿಟ್ಟವು. ಮೂರೂ ಒಂದೇ ಕಾರಣ ಕೊಟ್ಟವು: ನೆಟ್ ಹೋದಾಗ ಬಿಲ್ ಆಗುವುದಿಲ್ಲ. ನೆಟ್ ಇಲ್ಲದೆಯೂ ನಡೆಯುವ ಆವೃತ್ತಿ ಮುಂದಿನ ತಿಂಗಳ 20ಕ್ಕೆ ಸಿದ್ಧ. ಅಲ್ಲಿಯವರೆಗೆ ನೆಟ್ ಸರಿಯಿಲ್ಲದ ಊರುಗಳಲ್ಲಿ ಹೊಸದಾಗಿ ಮಾರುತ್ತಿಲ್ಲ.’ ಎಷ್ಟು ಹೋಯಿತು, ಯಾಕೆ, ಏನು ಮಾಡುತ್ತಿದ್ದೇವೆ, ಯಾವ ದಿನಕ್ಕೆ ಎಂಬುದೆಲ್ಲ ಇದರಲ್ಲಿದೆ. ಮುಂದಿನ ಇಮೇಲ್‌ನಲ್ಲಿ ಆ 20ನೇ ತಾರೀಖಿಗೆ ಏನಾಯಿತು ಎಂದೂ ಹೇಳಬೇಕು.

ತಪ್ಪು ಕಲ್ಪನೆ: ‘ಪರಿಚಯದವರಿದ್ದರೆ ತಿಳಿಸಿ’ ಎಂದರೆ ಸಾಕು.

ಸತ್ಯ: ಆ ಸಾಲಿಗೆ ಸಾಮಾನ್ಯವಾಗಿ ಯಾರೂ ಉತ್ತರಿಸುವುದಿಲ್ಲ. ಯಾರನ್ನು, ಯಾಕೆ ಎಂದು ಯೋಚಿಸುವ ಕೆಲಸವನ್ನೆಲ್ಲ ಅದು ಓದುವವರ ತಲೆಗೆ ಕಟ್ಟುತ್ತದೆ. ಅದರ ಬದಲು: ‘ಬೆಳಗಾವಿ ಅಥವಾ ದಾವಣಗೆರೆಯಲ್ಲಿ 50ರಿಂದ 100 ಹಾಸಿಗೆಯ ಆಸ್ಪತ್ರೆ ನಡೆಸುವವರು ಗೊತ್ತಿದ್ದರೆ, ಅಲ್ಲಿ ಔಷಧ ಖರೀದಿ ನೋಡಿಕೊಳ್ಳುವವರ ಪರಿಚಯ ಮಾಡಿಸಿ. ಕೆಳಗಿನ ನಾಲ್ಕು ಸಾಲನ್ನು ಹಾಗೆಯೇ ಫಾರ್ವರ್ಡ್ ಮಾಡಬಹುದು.’ ಆ ನಾಲ್ಕು ಸಾಲನ್ನು ಸ್ಥಾಪಕರೇ ಬರೆದಿಟ್ಟಿರಬೇಕು. ಒಂದು ಇಮೇಲ್‌ಗೆ ಎರಡು ಮೂರು ಬೇಡಿಕೆ ಸಾಕು. ಅವು ಆ ತಿಂಗಳ ತೊಂದರೆಯಿಂದಲೇ ಹುಟ್ಟಿರಬೇಕು. ನಾಲ್ಕು ತಿಂಗಳ ಹಣ ಉಳಿದಿರುವ ಕಂಪನಿ ಕಚೇರಿಗೆ ವಿನ್ಯಾಸಕಾರರನ್ನು ಹುಡುಕಿಕೊಡಿ ಎಂದು ಕೇಳಿದರೆ, ಅದರ ಲೆಕ್ಕವನ್ನು ಅದೇ ಓದಿಲ್ಲ ಎಂದರ್ಥ.

ಕೊನೆಗೊಂದು ಎಚ್ಚರಿಕೆ. ಹೂಡಿಕೆ ಒಪ್ಪಂದದಲ್ಲಿ ಲೆಕ್ಕಪತ್ರ ಒಪ್ಪಿಸುವ ಷರತ್ತಿದ್ದರೆ ಈ ಇಮೇಲ್ ಅದಕ್ಕೆ ಬದಲಿಯಲ್ಲ. ಅದನ್ನು ಬೇರೆಯಾಗಿಯೇ ಕೊಡಬೇಕು. ಇನ್ನು, ಇಂಥ ಇಮೇಲ್ ಕೈಯಿಂದ ಕೈಗೆ ಹೋಗುತ್ತದೆ. ಸಿಬ್ಬಂದಿಯ ಸಂಬಳ, ಗೋಪ್ಯತೆಯ ಮಾತು ಕೊಟ್ಟ ಗ್ರಾಹಕರ ಹೆಸರು ಅದರಲ್ಲಿ ಇರಕೂಡದು.