ಶಾಸನದಿಂದ ನೋಟಿಸಿನವರೆಗೆ: ಮರುಬರಹದಲ್ಲಿ ದಿನಾಂಕ, ಮೊತ್ತ, ಹೆಸರುಗಳ ತಾಳೆ

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಒಂದು ಸಣ್ಣ ಕೆಲಸದ ಬಗ್ಗೆ. ಒಂದು ಬರಹವನ್ನು ಸರಳವಾಗಿ ತಿರುಗಿ ಬರೆದ ಮೇಲೆ, ಅದರಲ್ಲಿನ ದಿನಾಂಕ, ಮೊತ್ತ, ಹೆಸರು ಮೂಲದಲ್ಲಿ ಇದ್ದ ಹಾಗೇ ಉಳಿದಿವೆಯೇ ಅಂತ ನೋಡುವ ಕೆಲಸ. ಇದರ ಪಾಠ ನನಗೆ ಎರಡು ಕಡೆಯಿಂದ ಸಿಕ್ಕಿತು. ಒಂದು, ಗೋವೆಯ ಕದಂಬರ ಶಾಸನಗಳನ್ನು ಹೊಸಗನ್ನಡಕ್ಕೆ ತರುವಾಗ. ಇನ್ನೊಂದು, ನಾನೇ ಮಾಡಿದ ಒಂದು ತಪ್ಪಿನಿಂದ. ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಬೆಳೆದದ್ದು ವಾಸ್ಕೋದಲ್ಲಿ. ನಮ್ಮ ಸುತ್ತ ಉತ್ತರ ಕರ್ನಾಟಕದಿಂದ ಕೂಲಿಗೆ ಬಂದ ಮನೆಗಳು ಬಹಳ. 2025ರಲ್ಲಿ ಒಂದು ಕಚೇರಿಯ ಇಂಗ್ಲಿಷ್ ನೋಟಿಸನ್ನು ಅವರಿಗಾಗಿ ಕನ್ನಡದಲ್ಲಿ ಬರೆದುಕೊಟ್ಟೆ. ಮೂಲದಲ್ಲಿ ಇದ್ದದ್ದು ಇಷ್ಟು: ಜೂನ್ 16, ಸೋಮವಾರ, ಆ ದಿನವೂ ಸೇರಿ ಅಷ್ಟರೊಳಗೆ ತಲಾ 350 ರೂಪಾಯಿ ಕಟ್ಟಬೇಕು, ಕೆಳಗೆ ಹೆಸರುಗಳ ಪಟ್ಟಿ. ನಾನು ಬರೆದದ್ದು: ‘ಜೂನ್ 16ರ ಮೊದಲು 350 ರೂಪಾಯಿ ಕಟ್ಟಿ.’ ಓದೋಕೆ ಚೆನ್ನಾಗಿತ್ತು. 16 ಸರಿ, 350 ಸರಿ. ಆದರೆ ‘16ರೊಳಗೆ’ ಅನ್ನುವುದು ‘16ರ ಮೊದಲು’ ಆಗಿ ಒಂದು ದಿನ ಕಳೆದುಹೋಯಿತು. 15 ಭಾನುವಾರ, ಹಾಗಾಗಿ ಅವಧಿ ಶನಿವಾರಕ್ಕೇ ಮುಗಿಯಿತು ಅಂತ ಕೆಲವರು ಸೋಮವಾರ ಹೋಗಲೇ ಇಲ್ಲ. ‘ತಲಾ’ ಬಿಟ್ಟುಹೋಗಿದ್ದರಿಂದ ಒಂದು ಮನೆಯವರು ಮೂರು ಜನಕ್ಕೂ ಸೇರಿ 350 ತೆಗೆದುಕೊಂಡು ಹೋಗಿದ್ದರು. ಇನ್ನು ಹೆಸರು. ಪಟ್ಟಿಯಲ್ಲಿ ‘ಹನಮಪ್ಪ’ ಅಂತ ಇತ್ತು. ಸಾಹಿತ್ಯದ ವಿದ್ಯಾರ್ಥಿನಿ ನಾನು, ಕೈ ಸುಮ್ಮನಿರಲಿಲ್ಲ. ‘ಹನುಮಪ್ಪ’ ಅಂತ ತಿದ್ದಿದೆ. ನನ್ನ ಪಟ್ಟಿ ನೋಡಿ ಅರ್ಜಿ ತುಂಬಿದವರ ಹೆಸರು ಗುರುತಿನ ಚೀಟಿಗೆ ಹೊಂದಲಿಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದವರು ವಾಪಸು ಹೋದರು.

ಆಮೇಲೆ ಕೂತು ಯೋಚಿಸಿದಾಗ ಕಂಡದ್ದು ಇದು. ನಾನು ಅಂಕಿಗಳನ್ನು ತಪ್ಪು ಬರೆದಿರಲಿಲ್ಲ. ಅಂಕಿಗೆ ಅಂಟಿಕೊಂಡ ಪದಗಳನ್ನು ಕಳೆದಿದ್ದೆ. ಇದೇ ಮಾತನ್ನು ಹಲಸಿಯ ಶಾಸನ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ.

ಹಲಸಿಯ ಕಾಲಸೂಚನೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಹಲಸಿ ಗೋವೆಯ ಕದಂಬರಿಗೆ ಮುಖ್ಯವಾದ ಊರು. ಅಲ್ಲಿನ ಶಾಸನವನ್ನು ಜೆ.ಎಫ್. ಫ್ಲೀಟ್ ಪ್ರಕಟಿಸಿದ್ದಾರೆ. ಈ ಅರಸರ ಶಾಸನಗಳಲ್ಲಿ ಶಕವರ್ಷದ ಬದಲು ಕಲಿಯುಗದ ವರ್ಷ ಕಾಣಿಸುವುದು ಒಂದು ವಿಶೇಷ. ಹಲಸಿಯಲ್ಲಿ ಶಿವಚಿತ್ತ ಪೆರ್ಮಾಡಿಯ ದಾನದ ಕಾಲವನ್ನು ಮೂರು ರೀತಿಯಲ್ಲಿ ಹೇಳಿದೆ: ಕಲಿಯುಗದ 4270 ವರ್ಷ ಸಂದ ಮೇಲೆ, ವಿರೋಧಿ ಸಂವತ್ಸರ, ಆಳ್ವಿಕೆಯ 23ನೇ ವರ್ಷ.

ಇದನ್ನು ಹೊಸಗನ್ನಡಕ್ಕೆ ತರುವವರು ಸಲೀಸಾಗಿ ‘ಕಲಿಯುಗದ 4270ನೇ ವರ್ಷದಲ್ಲಿ’ ಅಂತ ಬರೆದುಬಿಡಬಹುದು. ಅಂಕಿ ಅದೇ, ಮೇಲ್ನೋಟಕ್ಕೆ ತಪ್ಪಿಲ್ಲ. ಆದರೆ ‘ಸಂದ’ ಅಂದರೆ ಕಳೆದುಹೋದ. 4270 ವರ್ಷ ಕಳೆದ ಮೇಲೆ ನಡೆಯುತ್ತಿರುವುದು 4271ನೇ ವರ್ಷ. ಲೆಕ್ಕ ಹಾಕಿ ನೋಡಿ. ಸಂದ ಕಲಿವರ್ಷದಿಂದ 3101 ಕಳೆದರೆ ಆ ವರ್ಷ ಶುರುವಾಗುವ ಕ್ರಿಸ್ತಶಕ ಬರುತ್ತದೆ: 4270ಕ್ಕೆ 1169. ‘4270ನೇ ವರ್ಷ’ ಅಂದರೆ ಸಂದದ್ದು 4269 ಮಾತ್ರ. ಆಗ ಬರುವುದು 1168. ಒಂದು ಪದ ಬಿಟ್ಟಿದ್ದಕ್ಕೆ ಒಂದು ವರ್ಷ ಹಿಂದೆ ಹೋಯಿತು.

ಈ ತಪ್ಪನ್ನು ಹಿಡಿಯುವುದು ಹೇಗೆ? ಶಾಸನವೇ ಹಿಡಿದುಕೊಡುತ್ತದೆ. 1169ರಲ್ಲಿ ಶುರುವಾಗುವುದು ವಿರೋಧಿ ಸಂವತ್ಸರ. 1168ರದ್ದು ಅದರ ಹಿಂದಿನ ಸರ್ವಧಾರಿ. ಹಾಗಾಗಿ ‘4270ನೇ ವರ್ಷ, ವಿರೋಧಿ’ ಅಂತ ಬರೆದರೆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಇನ್ನೊಂದು ಸಾಕ್ಷಿಯೂ ಹಲಸಿಯಲ್ಲೇ ಇದೆ. ಪೆರ್ಮಾಡಿಯ ತಮ್ಮ ವಿಷ್ಣುಚಿತ್ತ ವಿಜಯಾದಿತ್ಯನ ದಾನಕ್ಕೆ 4272 ಸಂದ ಮೇಲೆ, ಖರ ಸಂವತ್ಸರ, 25ನೇ ಆಳ್ವಿಕೆಯ ವರ್ಷ ಅಂತ ಹೇಳಿದೆ. ಕಲಿವರ್ಷದಲ್ಲಿ ಎರಡು ಮುಂದೆ, ಆಳ್ವಿಕೆಯಲ್ಲೂ ಎರಡು ಮುಂದೆ, ಸಂವತ್ಸರದಲ್ಲೂ ವಿರೋಧಿ, ವಿಕೃತಿ, ಖರ ಅಂತ ಎರಡು ಮುಂದೆ. ಮೂರೂ ಎಳೆ ಕೂಡಿಬರುತ್ತವೆ.

ಮರುಬರಹ ಮಾಡುವವರಿಗೆ ಸಂವತ್ಸರ, ವಾರ ಇವೆಲ್ಲ ಭಾರ ಅನ್ನಿಸುತ್ತವೆ. ‘ಒಂದು ಸಲ ವರ್ಷ ಹೇಳಿದರೆ ಸಾಕಲ್ವಾ’ ಅಂತ ತೆಗೆದುಹಾಕುತ್ತೇವೆ. ತೆಗೆದರೆ ಓದುವವನ ಕೈಯಲ್ಲಿದ್ದ ತಾಳೆಯ ಕೋಲನ್ನೇ ಕಿತ್ತುಕೊಂಡಂತೆ. ನನ್ನ ನೋಟಿಸಿನಲ್ಲಿ ‘ಸೋಮವಾರ’ ಉಳಿದಿದ್ದರೆ, ‘ಸೋಮವಾರ ಕಚೇರಿ ತೆರೆದಿರುತ್ತಲ್ಲ, ಆವತ್ತು ಕಟ್ಟಬಹುದಾ?’ ಅಂತ ಯಾರಾದರೂ ಕೇಳುತ್ತಿದ್ದರೇನೋ.

ಹೆಸರೊಳಗಿನ ಅಂಕಿ, ಅಂಕಿಯೊಳಗಿನ ಅಳತೆ

ಕದಂಬರ ಪ್ರಾಂತಗಳ ಹೆಸರು ‘ಕೊಂಕಣ 900’, ‘ಪಲಸಿಗೆ 12000’ ಅಂತ ಬರುತ್ತವೆ. ಇಲ್ಲಿ ಅಂಕಿ ಹೆಸರಿನದೇ ಭಾಗ. ‘ಕೊಂಕಣದ 900 ಹಳ್ಳಿಗಳು’ ಅಂತ ಬಿಡಿಸಿ ಬರೆದರೆ ಮೂಲ ಹೇಳದ್ದನ್ನು ನಾವು ಹೇಳಿದಂತೆ. ಆ ಅಂಕಿ ಏನನ್ನು ಎಣಿಸುತ್ತದೆ ಅನ್ನುವುದೇ ವಿದ್ವಾಂಸರ ಚರ್ಚೆಯ ವಿಷಯ. ಮೊತ್ತದಲ್ಲೂ ಅಷ್ಟೇ. ಗದ್ಯಾಣ, ಪಣ, ಮತ್ತರು ಇವನ್ನು ರೂಪಾಯಿಗೋ ಎಕರೆಗೋ ತಿರುಗಿಸಬಾರದು. ನೆಲ ಅಳೆಯುವ ಕೋಲು ಊರಿಂದೂರಿಗೆ ಬೇರೆ ಇತ್ತು. ವಿವರಣೆ ಬೇಕಿದ್ದರೆ ಪಕ್ಕದಲ್ಲಿ ಕೊಡಿ, ಮೂಲದ ಪದ ಮಾತ್ರ ಅಲುಗದಿರಲಿ. ವಿಜಯಾದಿತ್ಯ ಅನ್ನುವ ಹೆಸರು ಈ ವಂಶದಲ್ಲಿ ಒಬ್ಬನಿಗಿಂತ ಹೆಚ್ಚು ಅರಸರಿಗೆ ಇದೆ. ‘ವಿಷ್ಣುಚಿತ್ತ’ ಬಿಟ್ಟರೆ ಯಾರೆಂದೇ ತಿಳಿಯದು.

ನಾನು ಈಗ ಮಾಡುವ ಕ್ರಮ

ಬರೆಯುವ ಮುಂಚೆಯೇ ಮೂಲದಿಂದ ಪ್ರತಿ ದಿನಾಂಕ, ಮೊತ್ತ, ಹೆಸರನ್ನು ಒಂದು ಹಾಳೆಗೆ ಇಳಿಸುತ್ತೇನೆ, ಅಂಟಿದ ಪದದ ಸಮೇತ: ‘16’ ಅಲ್ಲ, ‘16ರೊಳಗೆ, ಸೋಮವಾರ’, ‘350’ ಅಲ್ಲ, ‘ತಲಾ 350’. ಮರುಬರಹ ಮುಗಿದ ಮೇಲೆ ಆ ಹಾಳೆ ಮುಚ್ಚಿಟ್ಟು, ಹೊಸ ಬರಹದಿಂದ ಇನ್ನೊಂದು ಪಟ್ಟಿ ತೆಗೆಯುತ್ತೇನೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡುತ್ತೇನೆ. ಮೊದಲು ಎಣಿಕೆ: ಅಲ್ಲಿ ಏಳಿದ್ದರೆ ಇಲ್ಲೂ ಏಳಿರಬೇಕು. ಬಿಟ್ಟುಹೋದದ್ದು ಎಣಿಸಿದಾಗ ಸಿಗುತ್ತದೆ, ಓದಿದಾಗ ಸಿಗುವುದಿಲ್ಲ. ಚೆನ್ನಾಗಿ ಹರಿಯುವ ವಾಕ್ಯದಲ್ಲಿ ಕೊರತೆ ಕಾಣುವುದಿಲ್ಲ. ಆಮೇಲೆ ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಇನ್ನೊಬ್ಬರಿಂದ ಓದಿಸಿ ಕೇಳುತ್ತೇನೆ. ಕನ್ನಡ ಅಂಕಿಗಳಿದ್ದರೆ ೬ ಮತ್ತು ೯, ೦ ಮತ್ತು ೧ ಇವನ್ನು ಎರಡು ಸಲ ನೋಡುತ್ತೇನೆ.

ಕೊನೆಗೆ ಒಬ್ಬರು ಕೇಳಿದರು: ಮೂಲವೇ ತಪ್ಪಿದ್ದರೆ? ಒಳ್ಳೆಯ ಪ್ರಶ್ನೆ. ಈ ಕ್ರಮ ಹೇಳುವುದು ನಕಲು ಮೂಲಕ್ಕೆ ಹೊಂದಿದೆ ಅಂತ ಮಾತ್ರ, ಮೂಲ ನಿಜ ಅಂತ ಅಲ್ಲ. ಸಂವತ್ಸರ ವರ್ಷಕ್ಕೆ ಹೊಂದದ ಶಾಸನಗಳೂ ಇವೆ. ಆಗ ಸಂಪಾದಕರು ಪಾಠವನ್ನು ಇದ್ದಂತೆ ಇಟ್ಟು ಅಡಿಟಿಪ್ಪಣಿಯಲ್ಲಿ ಅನುಮಾನ ಬರೆಯುತ್ತಾರೆ. ನೋಟಿಸಿನಲ್ಲಿ ವಾರ, ತಾರೀಖು ಹೊಂದದಿದ್ದರೆ ನಾನೂ ತಿದ್ದುವುದಿಲ್ಲ, ಕಚೇರಿಗೆ ಹೋಗಿ ಕೇಳುತ್ತೇನೆ. ಹನಮಪ್ಪ ಈಗ ನನ್ನ ಪಟ್ಟಿಯಲ್ಲಿ ಹನಮಪ್ಪನೇ.